ಸಲೂನಿಗೆ ರೀಲ್ ಬೂಸ್ಟಾ, ವಾಟ್ಸಾಪ್ ಜಾಹೀರಾತಾ?

ಮೈಸೂರಿನ ಕುವೆಂಪುನಗರದ ಸಲೂನೊಂದು ಇನ್‌ಸ್ಟಾಗ್ರಾಮ್‌ಗೆ 3,000 ರೂಪಾಯಿ ಎತ್ತಿಟ್ಟಿದೆ ಅಂದುಕೊಳ್ಳಿ. ಶೇ. 18 ಜಿಎಸ್‌ಟಿ ಬೇರೆ. ಅರ್ಧ ರೀಲ್ ಬೂಸ್ಟ್‌ಗೆ, ಅರ್ಧ ವಾಟ್ಸಾಪ್ ಮೆಸೇಜ್ ತರುವ ಜಾಹೀರಾತಿಗೆ. ಎರಡಕ್ಕೂ ದಿನಕ್ಕೆ 150ರಂತೆ ಹತ್ತು ದಿನ, ಸುತ್ತ ಐದು ಕಿಲೋಮೀಟರ್.

ಬೂಸ್ಟ್‌ಗೆ ಲೈಕ್ ಜಾಸ್ತಿ ಬೀಳಬಹುದು. ಅವರಲ್ಲಿ ಕುರ್ಚಿಗೆ ಬಂದವರೆಷ್ಟು? ಬಂದವರನ್ನೆಲ್ಲ ಕೇಳಿ ಬರೆದಿಡದಿದ್ದರೆ ಗೊತ್ತಾಗಲ್ಲ.

ವಾಟ್ಸಾಪ್‌ನಲ್ಲಿ 30 ಮೆಸೇಜ್ ಬಂದರೆ ಒಂದಕ್ಕೆ 50 ರೂಪಾಯಿ. ಅಷ್ಟಕ್ಕೇ ಹಿಗ್ಗಬೇಡಿ, ರೇಟ್ ಕೇಳಿ ಸುಮ್ಮನಾಗುವವರೇ ಹೆಚ್ಚು ಅಲ್ವಾ? ಐವರು ಬಂದರೆ ಒಬ್ಬ ಗಿರಾಕಿಗೆ 300 ರೂಪಾಯಿ ಬಿತ್ತು. ಅವರು ಮತ್ತೆ ಬರದಿದ್ದರೆ 200 ರೂಪಾಯಿಯ ಹೇರ್‌ಕಟ್‌ಗೆ ಅದು ನಷ್ಟ, 1,500ರ ಫೇಶಿಯಲ್‌ಗೆ ಪರವಾಗಿಲ್ಲ.

ನಾನಾದರೆ ವಾಟ್ಸಾಪ್ ಆರಿಸುತ್ತೇನೆ, ಮೆಸೇಜಿಗೆ ತಕ್ಷಣ ಉತ್ತರಿಸಲು ಒಬ್ಬರಿದ್ದರೆ ಮಾತ್ರ.