ಎಲ್ ಅಂದರೆ ಎಷ್ಟು? ಮೂರು ವರ್ಷ ಚೀನಾದಿಂದ ಬಟ್ಟೆ ತರಿಸಿದವನ ಅನುಭವ

ನಾನಿರುವುದು ಸಿಂಗಪುರದಲ್ಲಿ. ಚೀನಾದ ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಿಂದ ಮೂರು ವರ್ಷದಿಂದ ಬಟ್ಟೆ ತರಿಸುತ್ತಿದ್ದೇನೆ. ನನಗೂ ಹೆಂಡತಿಗೂ ಸೇರಿ ಇಲ್ಲಿಯವರೆಗೆ 26 ಬಟ್ಟೆ ಬಂದಿವೆ. ಮೊದಲ ಆರರಲ್ಲಿ ನಾಲ್ಕು ಹಾಕಿಕೊಳ್ಳಲು ಆಗಲಿಲ್ಲ. ಉಳಿದ 20ರಲ್ಲಿ ಕೈಕೊಟ್ಟಿದ್ದು ಮೂರೇ. ನಡುವೆ ಮಾರುಕಟ್ಟೆ ಏನೂ ಬದಲಾಗಲಿಲ್ಲ. ನಾನು ಸೈಜಿನ ಅಕ್ಷರ ನೋಡುವುದನ್ನು ಬಿಟ್ಟು ಎದೆ ಮತ್ತು ಉದ್ದದ ಅಳತೆ ನೋಡಲು ಶುರು ಮಾಡಿದೆ, ಅಷ್ಟೇ.

ಬಟ್ಟೆಯ ಗುಣಮಟ್ಟ, ಬೆಲೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೊಟ್ಟ ದುಡ್ಡಿಗೆ ಪರವಾಗಿಲ್ಲ. ಹೊಲಿಗೆ ಸಾಮಾನ್ಯ, ಬಣ್ಣ ಬಹುತೇಕ ಚಿತ್ರದಲ್ಲಿದ್ದಂತೆಯೇ ಇರುತ್ತದೆ, ಬರಲು ಎರಡು ವಾರ ಬೇಕು. ನಿಜವಾದ ತಲೆನೋವು ಸೈಜಿನದು. ವಾಪಸ್ ಕಳಿಸುವ ಖರ್ಚು ಅಂಗಿಯ ಬೆಲೆಯ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಆರ್ಡರ್ ಒತ್ತುವ ಮೊದಲೇ ಸರಿ ಮಾಡಿಕೊಳ್ಳಬೇಕು.

ಮೊದಲ ಅಂಗಿಯ ಕಥೆ ಹೇಳುತ್ತೇನೆ. ನನ್ನ ಎದೆ ಸುತ್ತಳತೆ 102 ಸೆಂಟಿಮೀಟರ್, ಅಂದರೆ 40 ಇಂಚು. ದಾವಣಗೆರೆಯಲ್ಲಿ ರೆಡಿಮೇಡ್ ಕೊಳ್ಳುವಾಗ 40 ಕೇಳುತ್ತಿದ್ದೆ, ಇಲ್ಲಿನ ಅಂಗಡಿಗಳಲ್ಲಿ ಎಲ್ ತೆಗೆದುಕೊಳ್ಳುತ್ತಿದ್ದೆ. ಅದೇ ಅಭ್ಯಾಸದಲ್ಲಿ ಎಲ್ ಆರ್ಡರ್ ಮಾಡಿದೆ. ಬಂದ ಅಂಗಿಯ ಗುಂಡಿ ಹಾಕಬಹುದಿತ್ತು, ಆದರೆ ಎರಡು ಗುಂಡಿಗಳ ನಡುವೆ ಬಾಯಿ ಬಿಟ್ಟುಕೊಂಡು ಒಳಗಿನ ಬನಿಯನ್ ಕಾಣುತ್ತಿತ್ತು. ಕೈ ಮುಂದೆ ಚಾಚಿದರೆ ಬೆನ್ನು ಬಿಗಿಯುತ್ತಿತ್ತು. ಹೆಂಡತಿ ಒಂದು ಸಲ ನೋಡಿ, 'ಇದು ತಮ್ಮನಿಗೆ ಕೊಡಿ' ಅಂದಳು.

ಕೊಡುವ ಮೊದಲು ಕಾಲರ್ ಒಳಗಿನ ಪಟ್ಟಿ ಓದಿದೆ. ಎಲ್ ಅಕ್ಷರದ ಕೆಳಗೆ ಸಣ್ಣದಾಗಿ `175/92A` ಅಂತ ಇತ್ತು. ಮೊದಲು ಅದೇನೋ ಮಾಡೆಲ್ ನಂಬರ್ ಅಂದುಕೊಂಡಿದ್ದೆ. ಆಫೀಸಿನಲ್ಲಿ ಪಕ್ಕ ಕೂರುವ ಚೀನೀ ಸಹೋದ್ಯೋಗಿ ಅರ್ಥ ಹೇಳಿದರು. ಇದು ಚೀನಾದ ರಾಷ್ಟ್ರೀಯ ಅಳತೆ ಪದ್ಧತಿ. ಮೊದಲ ಸಂಖ್ಯೆ ಎತ್ತರ, ಎರಡನೆಯದು ಎದೆ. ಎರಡೂ ಮೈಯ ಅಳತೆ, ಸೆಂಟಿಮೀಟರ್‌ನಲ್ಲಿ. ಕೊನೆಯ ಅಕ್ಷರ ಮೈಕಟ್ಟಿನದು. ಗಂಡಸರಿಗೆ A ಅಂದರೆ ಎದೆಗೂ ಸೊಂಟಕ್ಕೂ 12ರಿಂದ 16 ಸೆಂಟಿಮೀಟರ್ ವ್ಯತ್ಯಾಸ. 7ರಿಂದ 11 ಇದ್ದರೆ B. ನನ್ನ ಸೊಂಟ 94. ಅಂದರೆ ವ್ಯತ್ಯಾಸ ಎಂಟೇ, ನಾನು B. ಹೊಟ್ಟೆ ಇರುವುದನ್ನು ಇಷ್ಟು ಮರ್ಯಾದೆಯಾಗಿ ಯಾರೂ ನನಗೆ ಹೇಳಿರಲಿಲ್ಲ.

ಕಾರಣ ಇಲ್ಲೇ ಇತ್ತು. ಆ ಎಲ್ ಅಂಗಿ ಹೊಲಿದಿದ್ದು 92 ಸೆಂಟಿಮೀಟರ್ ಎದೆಯವನಿಗೆ. ನನ್ನ ಎದೆ ಅವನದಕ್ಕಿಂತ ಹತ್ತು ಸೆಂಟಿಮೀಟರ್ ಜಾಸ್ತಿ. ಅದೇ ಅಮೆರಿಕದ ಬ್ರ್ಯಾಂಡ್‌ಗಳ ಎಲ್ ಸಾಮಾನ್ಯವಾಗಿ 42ರಿಂದ 44 ಇಂಚು ಎದೆಯವರಿಗೆ, ಅಂದರೆ 107ರಿಂದ 112 ಸೆಂಟಿಮೀಟರ್. ಅಲ್ಲಿ ಮೈ ದೊಡ್ಡದು. ಅದರ ಜೊತೆ ಗಿರಾಕಿಗೆ ಖುಷಿಯಾಗಲಿ ಅಂತ ದೊಡ್ಡ ಬಟ್ಟೆಗೆ ಚಿಕ್ಕ ಸೈಜಿನ ಹೆಸರು ಕೊಡುವ ರೂಢಿಯೂ ಇದೆ. ಹಾಗಾಗಿ ಚೀನಾದ ಬಟ್ಟೆ 'ಚಿಕ್ಕದು' ಅನ್ನುವುದು ಅರ್ಧ ಸತ್ಯ ಮಾತ್ರ. ಅದು ಬೇರೆ ಮೈಗೆ ಲೆಕ್ಕ ಹಾಕಿದ ಬಟ್ಟೆ. ಎಲ್ ಅನ್ನುವ ಅಕ್ಷರಕ್ಕೆ ಜಗತ್ತಿನಲ್ಲಿ ಎಲ್ಲೂ ಒಂದೇ ಅಳತೆ ಅಂತ ಇಲ್ಲ.

'ಹಾಗಾದರೆ ಸುಮ್ನೆ ಎರಡು ಸೈಜ್ ದೊಡ್ಡದು ತಗೊಂಡರೆ ಆಯ್ತಲ್ವಾ' ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಮಾಡಿ ಒಂದು ಜಾಕೆಟ್ ಹಾಳು ಮಾಡಿಕೊಂಡೆ. ಕೆಲವು ಮಾರಾಟಗಾರರು ಹೊರದೇಶದ ಗಿರಾಕಿಗಳಿಗಾಗಿ ಸೈಜಿನ ಹೆಸರನ್ನು ಮೊದಲೇ ಬದಲಿಸಿರುತ್ತಾರೆ. ಆ ಜಾಕೆಟ್ಟಿನ ಎಲ್‌ಗೇ ಎದೆ 120 ಇತ್ತು. ಅದರ ಮೇಲೆ ನಾನು ಎರಡು ಸೈಜ್ ಏರಿಸಿದೆ. ಬಂದಿದ್ದು ಜಾಕೆಟ್ ಅಲ್ಲ, ಶಾಮಿಯಾನ. ಪುಟದಲ್ಲಿ ಅಳತೆ ಬರೆದೇ ಇತ್ತು, ನಾನು ನೋಡಿರಲಿಲ್ಲ.

ಈಗ ಮಾಡುವುದು ಇಷ್ಟು. ನನಗೆ ಚೆನ್ನಾಗಿ ಕೂರುವ ಒಂದು ಹಳೆಯ ಅಂಗಿ ಇದೆ. ಅದರ ಗುಂಡಿ ಹಾಕಿ, ಮಂಚದ ಮೇಲಲ್ಲ, ಗಟ್ಟಿ ಮೇಜಿನ ಮೇಲೆ ಹಾಸಿ, ಎಳೆಯದೆ ಸುಕ್ಕು ಮಾತ್ರ ಬಿಡಿಸುತ್ತೇನೆ. ತೋಳು ಸೇರುವ ಕಂಕುಳ ಹೊಲಿಗೆಯಿಂದ ಸುಮಾರು ಒಂದು ಇಂಚು ಕೆಳಗೆ, ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಟೇಪ್ ಹಿಡಿಯುತ್ತೇನೆ. 56 ಬರುತ್ತದೆ. ಎರಡರಷ್ಟು ಮಾಡಿದರೆ 112, ಇದು ಅಂಗಿಯ ಎದೆ. ಆಮೇಲೆ ಕಾಲರ್ ಪಕ್ಕದಲ್ಲಿ ಭುಜದ ಅತಿ ಎತ್ತರದ ಜಾಗದಿಂದ ಅಂಚಿನವರೆಗೆ ನೇರ ಕೆಳಗೆ ಅಳೆದರೆ 74, ಇದು ಉದ್ದ. ಈ ಎರಡು ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮೈ 102, ಅಂಗಿ 112. ನಡುವಿನ ಹತ್ತು ಸೆಂಟಿಮೀಟರ್ ಅಂದರೆ ನಾಲ್ಕು ಇಂಚು. ನಮ್ಮೂರ ಟೈಲರ್ ಎದೆ ಅಳತೆ ತೆಗೆದು 'ನಾಲ್ಕು ಇಂಚು ಲೂಸ್ ಬಿಡ್ಲಾ?' ಅಂತ ಕೇಳುತ್ತಿದ್ದರಲ್ಲ, ಅದೇ ಲೂಸ್. ಎಳೆದರೆ ಹಿಗ್ಗದ ನೇಯ್ದ ಬಟ್ಟೆಗೆ ಇದು ಬೇಕೇ ಬೇಕು. ಮೊದಲ ಅಂಗಿಯ ಪುಟಕ್ಕೆ ಮತ್ತೆ ಹೋಗಿ ನೋಡಿದೆ. ಎಲ್‌ಗೆ ಎದೆ 104, ಉದ್ದ 71 ಅಂತ ಬರೆದಿತ್ತು. ನನ್ನ 102ಕ್ಕೆ ಸಿಕ್ಕಿದ್ದು ಎರಡೇ ಸೆಂಟಿಮೀಟರ್ ಲೂಸ್. ಗುಂಡಿ ಬಾಯಿ ಬಿಡದೆ ಇನ್ನೇನು ಮಾಡುತ್ತದೆ?

ಆ ಪುಟದ ಅಳತೆ ಪಟ್ಟಿಯಲ್ಲಿ ಒಂದೊಂದು ಸೈಜಿಗೆ ಎದೆ ನಾಲ್ಕು ಸೆಂಟಿಮೀಟರ್ ಏರುತ್ತಿತ್ತು, ಉದ್ದ ಒಂದೂವರೆ. ಎಕ್ಸ್‌ಎಲ್ 108 ಮತ್ತು 72.5, ಡಬಲ್ ಎಕ್ಸ್‌ಎಲ್ 112 ಮತ್ತು 74. ನನ್ನ ಹಳೆಯ ಅಂಗಿಯ ಅಳತೆಯೇ! ಅದೇ ಅಂಗಿಯನ್ನು ಡಬಲ್ ಎಕ್ಸ್‌ಎಲ್‌ನಲ್ಲಿ ತರಿಸಿದೆ. ಎರಡು ವರ್ಷ ಆಯಿತು, ಈಗಲೂ ವಾರಕ್ಕೊಮ್ಮೆ ಹಾಕುತ್ತೇನೆ. ಭುಜ ಮಾತ್ರ ಒಂದು ಸೆಂಟಿಮೀಟರ್ ಇಳಿಯುತ್ತದೆ, ಯಾರಿಗೂ ಕಾಣುವುದಿಲ್ಲ.

ಎದೆ ಸರಿಹೋದರೆ ಉದ್ದ ತಾನಾಗಿ ಸರಿಹೋಗುತ್ತದೆ ಅಂತ ಇಲ್ಲ. ಎದೆ ಬೇಗ ಏರುತ್ತದೆ, ಉದ್ದ ನಿಧಾನ. ನನ್ನಂತೆ 173 ಸೆಂಟಿಮೀಟರ್ ಎತ್ತರದವನಿಗೆ ಇದು ಅನುಕೂಲವೇ. ಆದರೆ ನನ್ನ ತಮ್ಮ ನನಗಿಂತ ಎತ್ತರ, ಮೈ ತೆಳ್ಳಗೆ. ಅವನಿಗೆ ಆ ಎಲ್ ಅಂಗಿಯ ಎದೆ ಸರಿಯಾಯಿತು, ಕೈ ಎತ್ತಿದರೆ ಹೊಕ್ಕುಳು ಕಾಣುತ್ತಿತ್ತು. ಅಂಥವರಿಗೆ ಮೊದಲು ಉದ್ದದ ಸಾಲು ನೋಡುವುದೇ ಒಳ್ಳೆಯದು. ಉದ್ದ ಸರಿ ಇರುವ ಸೈಜಿನಲ್ಲಿ ಎದೆ ಜೋಲಾದರೆ ಮಗ್ಗುಲಿನಲ್ಲಿ ಹಿಡಿಸಬಹುದು. ಗಿಡ್ಡವಾದದ್ದನ್ನು ಯಾವ ಟೈಲರ್ ಉದ್ದ ಮಾಡಿಯಾನು?

ಪಟ್ಟಿ ಓದುವುದರಲ್ಲೂ ಮೋಸಹೋಗುವ ಜಾಗಗಳಿವೆ. ಪುಟದ ಭಾಷೆ ಬದಲಿಸಿದರೂ ಅಳತೆ ಇರುವುದು ಚಿತ್ರದೊಳಗೆ, ಹಾಗಾಗಿ ಚೀನೀ ಅಕ್ಷರದಲ್ಲೇ ಉಳಿಯುತ್ತದೆ. ಎರಡು ಗುರುತು ಗೊತ್ತಿದ್ದರೆ ಸಾಕು: `胸围` ಎದೆ ಸುತ್ತಳತೆ, `衣长` ಉದ್ದ. ಕೆಲವರು ಉದ್ದವನ್ನು `后中长` ಅಂತ ಬರೆಯುತ್ತಾರೆ. ಅದು ಬೆನ್ನಿನ ಕಡೆ, ಕತ್ತಿನ ಬುಡದ ನಡುವಿನಿಂದ ಅಳೆದದ್ದು. ಭುಜದಿಂದ ಅಳೆದದ್ದಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಕಡಿಮೆ ಬರುತ್ತದೆ. ಹಾಗಿದ್ದಾಗ ನನ್ನ ಹಳೆಯ ಅಂಗಿಯನ್ನೂ ಅದೇ ಜಾಗದಿಂದ ಅಳೆಯುತ್ತೇನೆ.

ಎದೆಯ ಸಂಖ್ಯೆ 52, 54, 56 ಅಂತ ಇದ್ದರೆ ಹಾಸಿ ಅಳೆದ ಅಗಲ, ಎರಡರಷ್ಟು ಮಾಡಬೇಕು. 104, 108 ಅಂತ ಒಂಟಿ ಸಂಖ್ಯೆ ಇದ್ದು, ಪಕ್ಕದಲ್ಲೇ ಉದ್ದ ಮತ್ತು ಭುಜದ ಸಾಲು ಇದ್ದರೆ ಬಹುತೇಕ ಬಟ್ಟೆಯ ಅಳತೆ. 88ರಿಂದ 92 ಅಂತ ವ್ಯಾಪ್ತಿ ಕೊಟ್ಟಿದ್ದರೆ ಮೈಯ ಅಳತೆ. ಅದಕ್ಕೆ ಮತ್ತೆ ಲೂಸ್ ಕೂಡಿಸಿಕೊಂಡು ಕೂತರೆ ದೊಡ್ಡದಾಗಿ ಬರುತ್ತದೆ.

ಎತ್ತರ ಮತ್ತು ತೂಕ ಕೊಟ್ಟು ಸೈಜ್ ಹೇಳುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಮೊದಲ ಸಲ ಅದರಲ್ಲಿ ಎಕ್ಸ್‌ಎಲ್ ಎದುರು 140ರಿಂದ 155 ಅಂತ ನೋಡಿ ಗಾಬರಿಯಾಗಿದ್ದೆ. ನೂರೈವತ್ತು ಕಿಲೋ ಆಳು ಎಕ್ಸ್‌ಎಲ್ ಹಾಕುತ್ತಾನಾ? ಅದು ಕಿಲೋ ಅಲ್ಲ, `斤`. ಜಿನ್ ಅಂತ ಓದುತ್ತಾರೆ, ಒಂದು ಜಿನ್ ಅಂದರೆ ಅರ್ಧ ಕಿಲೋ. 140 ಅಂದರೆ 70 ಕಿಲೋ. ಅದು ಗೊತ್ತಾದ ಮೇಲೂ ಪ್ರಯೋಜನವಿಲ್ಲ, ತೂಕ ಎದೆಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ ಅಂತ ಆ ಸಂಖ್ಯೆ ಹೇಳುವುದಿಲ್ಲ.

ಲೂಸ್ ಲೆಕ್ಕ ಎಲ್ಲ ಬಟ್ಟೆಗೂ ಒಂದೇ ಅಲ್ಲ. ಹೆಂಡತಿ ಗೀರು ಗೀರಾದ ಹಿಗ್ಗುವ ಹೆಣಿಗೆಯ ಟಾಪ್ ತರಿಸಿದಳು. ಅವಳ ಎದೆ 90, ಟಾಪ್‌ನದು 76. ನಾನು ಬೇಡ ಅಂದೆ. ಬಂದ ಮೇಲೆ ಅಚ್ಚುಕಟ್ಟಾಗಿ ಕೂತಿತು. ಆವತ್ತಿನಿಂದ ಹಿಗ್ಗುವ ಬಟ್ಟೆಯನ್ನು ಹಿಗ್ಗುವ ಬಟ್ಟೆಯ ಜೊತೆಗೇ ಹೋಲಿಸುತ್ತೇವೆ, ಅಂಗಿಯನ್ನು ಅಂಗಿಯ ಜೊತೆ.

ಕೈಕೊಟ್ಟ ಆ ಮೂರರಲ್ಲಿ ಎರಡು ಹತ್ತಿಯ ಟೀ ಶರ್ಟ್. ಅಳತೆ ಸರಿಯಾಗಿಯೇ ಬಂದಿತ್ತು, ಉದ್ದ 70. ಬಿಸಿ ಡ್ರೈಯರ್‌ಗೆ ಹಾಕಿದ ಮೇಲೆ 67 ಆಯಿತು. ಹತ್ತಿಯ ಹೆಣಿಗೆ ಬಟ್ಟೆ ಮೊದಲ ಒಗೆತಗಳಲ್ಲಿ ಉದ್ದದಲ್ಲಿ ನೂರಕ್ಕೆ ನಾಲ್ಕೈದರಷ್ಟು ಕುಗ್ಗುವುದು ಹೊಸದೇನಲ್ಲ. ಈಗ ಹತ್ತಿಯ ಟೀ ಶರ್ಟ್‌ಗೆ ಬೇಕಾದ್ದಕ್ಕಿಂತ ಮೂರು ಸೆಂಟಿಮೀಟರ್ ಉದ್ದ ಜಾಸ್ತಿ ಇರುವುದನ್ನೇ ಹುಡುಕುತ್ತೇನೆ, ಒಗೆದ ಮೇಲೆ ಹಗ್ಗದ ಮೇಲೆ ಒಣಗಿಸುತ್ತೇನೆ.

ಮೂರನೆಯದಕ್ಕೆ ನನ್ನ ತಪ್ಪಿಲ್ಲ. ಪಟ್ಟಿಯಲ್ಲಿ ಎದೆ 112, ಬಂದ ಅಂಗಿಯಲ್ಲಿ 106. ಕೈಯಿಂದ ಅಳೆದದ್ದು, ಒಂದರಿಂದ ಮೂರು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಬಹುದು ಅಂತ ಎಲ್ಲ ಪುಟದ ಕೆಳಗೂ ಇರುತ್ತದೆ. ಆರು ಅಂತ ಎಲ್ಲೂ ಇಲ್ಲ. ಟೇಪ್ ಅಂಗಿಯ ಮೇಲೆ ಇಟ್ಟು ಫೋಟೋ ತೆಗೆದೆ. ಒಂದು ಕಂಕುಳಿನಿಂದ ಇನ್ನೊಂದಕ್ಕೆ 53 ಅಂತ ಸ್ಪಷ್ಟವಾಗಿ ಓದುವ ಹಾಗೆ. ಅದನ್ನು ಪಟ್ಟಿಯ ಚಿತ್ರದ ಜೊತೆ ಕಳಿಸಿದೆ. 'ಟೈಟ್ ಆಗಿದೆ' ಅಂತ ಬರೆದಿದ್ದ ಹಿಂದಿನ ದೂರಿಗೆ ಉತ್ತರವೇ ಬಂದಿರಲಿಲ್ಲ. ಈ ಫೋಟೋ ಕಳಿಸಿದ ನಾಲ್ಕನೇ ದಿನ ಪೂರ್ತಿ ಹಣ ವಾಪಸ್ ಬಂತು, ಅಂಗಿಯನ್ನು ನೀವೇ ಇಟ್ಟುಕೊಳ್ಳಿ ಅಂದರು.

ಅದೂ ತಮ್ಮನಿಗೆ ಹೋಯಿತು. ಮಾರುಕಟ್ಟೆಗೆ ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಅಳತೆಯನ್ನು ಚಿತ್ರದೊಳಗೆ ಬಚ್ಚಿಡದೆ ಓದುವ ಹಾಗೆ ಪುಟದಲ್ಲೇ ಹಾಕಿದ ದಿನ ಇನ್ನರ್ಧ ಸೇರಿಸುತ್ತೇನೆ.