ಓಪನಿಂಗ್ ರೇಂಜ್ ಬ್ರೇಕೌಟ್: 14 ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಒಂದೇ ದಿನದೊಳಗೆ ಷೇರು ಕೊಂಡು ಮಾರುವ ಈ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಆದರೆ ಶುರುವಿನಲ್ಲಿ ಬಳಸುತ್ತಿದ್ದ ರೂಪದಲ್ಲಿ ಈಗ ಬಳಸುತ್ತಲೂ ಇಲ್ಲ. ಎರಡು ಕಡೆ ರಿಪೇರಿ ಮಾಡಬೇಕಾಯಿತು. ಒಂದು ವಾಲ್ಯೂಮ್, ಅಂದರೆ ಎಷ್ಟು ಷೇರು ಕೈಬದಲಾಯಿತು ಅನ್ನುವುದನ್ನು ನೋಡುವ ರೀತಿ, ಇನ್ನೊಂದು ದಿನದ ನಷ್ಟದ ಮಿತಿ.

ಪದ್ಧತಿ ಸರಳ. ಮಾರುಕಟ್ಟೆ ತೆರೆದ ಮೊದಲ 15 ನಿಮಿಷ ಕೈಕಟ್ಟಿ ಕೂರುವುದು. 5 ನಿಮಿಷದ ಚಾರ್ಟ್‌ನಲ್ಲಿ ಒಂದೊಂದು ಕ್ಯಾಂಡಲ್ ಅಂದರೆ 5 ನಿಮಿಷದ ಬೆಲೆಯ ಓಡಾಟ, ಹಾಗಾಗಿ ಅದು ಮೂರು ಕ್ಯಾಂಡಲ್. ಅಷ್ಟರೊಳಗೆ ಬೆಲೆ ಮುಟ್ಟಿದ ಮೇಲಿನ ತುದಿಗೆ ಒಂದು ಗೆರೆ, ಕೆಳಗಿನ ತುದಿಗೆ ಒಂದು ಗೆರೆ. ಈ ಎರಡರ ನಡುವಿನದೇ ರೇಂಜ್, ಅದನ್ನು ದಾಟುವುದೇ ಬ್ರೇಕೌಟ್. ಆಮೇಲೆ ಯಾವುದಾದರೂ ಕ್ಯಾಂಡಲ್ ಮೇಲಿನ ಗೆರೆ ದಾಟಿ ಮುಗಿದರೆ, ಅದರ ಜೊತೆ ವಾಲ್ಯೂಮ್ ಕೂಡ ಜೋರಾಗಿದ್ದರೆ, ಖರೀದಿ. ಕೆಳಗಿನ ಗೆರೆ ದಾಟಿದರೆ ಶಾರ್ಟ್, ಅಂದರೆ ಮೊದಲು ಮಾರಿ ಆಮೇಲೆ ಕೊಳ್ಳುವುದು. ನಷ್ಟವನ್ನು ಅಲ್ಲಿಗೇ ನಿಲ್ಲಿಸುವ ಸ್ಟಾಪ್ ಲಾಸ್ ಆರ್ಡರ್ ರೇಂಜಿನ ಎದುರು ತುದಿಯಲ್ಲಿ. ದಿನ ಮುಗಿಯುವಾಗ ಕೈಯಲ್ಲಿ ಏನೂ ಉಳಿಯಬಾರದು. ಇಷ್ಟೇ.

"ವಾಲ್ಯೂಮ್ ಜೋರಾಗಿದ್ದರೆ" ಅಂತ ಹೇಳುವುದು ಸುಲಭ. ಯಾವುದಕ್ಕಿಂತ ಜೋರು? ನಾನು ಎಲ್ಲರಂತೆ ವಾಲ್ಯೂಮ್ ಪಟ್ಟಿಗಳ ಮೇಲೆ 20 ಕ್ಯಾಂಡಲ್‌ಗಳ ಸರಾಸರಿ ಗೆರೆ ಹಾಕಿಕೊಂಡಿದ್ದೆ. ಬ್ರೇಕೌಟ್ ಕ್ಯಾಂಡಲ್‌ನ ವಾಲ್ಯೂಮ್ ಆ ಸರಾಸರಿಯ ಒಂದೂವರೆ ಪಟ್ಟು ಇದ್ದರೆ ಸೈ, ಇಲ್ಲದಿದ್ದರೆ ಬಿಡು. ನಾಲ್ಕು ತಿಂಗಳು ಹೀಗೇ ನಡೆಸಿದೆ. ಆಮೇಲೆ ನನ್ನ ಡೈರಿ ತಿರುವಿದಾಗ ಒಂದು ವಿಚಿತ್ರ ಕಂಡಿತು. ಬೆಳಗಿನ ಒಳ್ಳೊಳ್ಳೆ ಬ್ರೇಕೌಟ್‌ಗಳನ್ನೆಲ್ಲ ಕೈಬಿಟ್ಟಿದ್ದೆ. ಹಿಡಿದದ್ದರಲ್ಲಿ ಜಾಸ್ತಿ ನಡು ಮಧ್ಯಾಹ್ನದವು, ಅವು ಹೆಚ್ಚಾಗಿ ಟುಸ್ ಆದವು.

ಕಾರಣ ಹುಡುಕಲು ಒಂದು ದಿನದ ಲೆಕ್ಕ ಸಾಕಾಯಿತು. ಅವತ್ತು ರೇಂಜ್ 408ರಿಂದ 412. ಮೊದಲ ನಾಲ್ಕು ಕ್ಯಾಂಡಲ್‌ಗಳ ವಾಲ್ಯೂಮ್ 90,000, 60,000, 45,000, 35,000. ಐದನೇ ಕ್ಯಾಂಡಲ್ 413ರಲ್ಲಿ ಮುಗಿಯಿತು, ಅಂದರೆ ಬ್ರೇಕೌಟ್. ಅದರ ವಾಲ್ಯೂಮ್ 42,000. 20 ಕ್ಯಾಂಡಲ್‌ಗಳ ಸರಾಸರಿ ಅಲ್ಲಿ ಸುಮಾರು 40,000 ತೋರಿಸುತ್ತಿತ್ತು. ಹೆಚ್ಚೂ ಕಡಿಮೆ ಸಮ. ಹಾಗಾಗಿ ಬಿಟ್ಟೆ. ದಿನ ಮುಗಿದಾಗ ಬೆಲೆ 419.

ಆ 40,000 ಎಲ್ಲಿಂದ ಬಂತು ನೋಡಿ. ಅದರಲ್ಲಿ ಇವತ್ತಿನವು ನಾಲ್ಕೇ ಕ್ಯಾಂಡಲ್, ಅದೂ ಬಾಗಿಲು ತೆರೆದ ಕೂಡಲೇ ಆಗುವ ನೂಕುನುಗ್ಗಲಿನವು. ಉಳಿದ 16 ನಿನ್ನೆ ಮುಚ್ಚುವ ಹೊತ್ತಿನವು, ಅಲ್ಲೂ ವಹಿವಾಟು ಜೋರು. ದಿನದ ವಾಲ್ಯೂಮ್ ಸಾಮಾನ್ಯವಾಗಿ ಬೋಗುಣಿಯ ಆಕಾರದಲ್ಲಿರುತ್ತದೆ. ಎರಡೂ ಅಂಚು ಎತ್ತರ, ನಡುವೆ ತಗ್ಗು. ನಾನು ಎರಡು ಎತ್ತರದ ಅಂಚುಗಳನ್ನು ಸೇರಿಸಿ ಅಳತೆಗೋಲು ಮಾಡಿಕೊಂಡಿದ್ದೆ. ಮಧ್ಯಾಹ್ನಕ್ಕೆ ಅದೇ ಕೋಲು ಗಿಡ್ಡವಾಗುತ್ತದೆ. ಅದೇ ವಾರ ಒಂದು ಮಂಕು ದಿನ, 34ನೇ ಕ್ಯಾಂಡಲ್‌ನಲ್ಲಿ 15,000 ವಾಲ್ಯೂಮ್ ಬಂತು. 20ರ ಸರಾಸರಿ ಬರೀ 8,000. ಸುಮಾರು 1.9 ಪಟ್ಟು! ಖುಷಿಯಿಂದ ಒಳಗೆ ಹೋದೆ, ಸ್ಟಾಪ್ ಹೊಡೆಯಿತು. ಆ ಹೊತ್ತಿಗೆ ಆ ಷೇರಿನಲ್ಲಿ ದಿನಾ 13,000 ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಂದರೆ ನಿಜವಾದ ಏರಿಕೆ 1.15 ಪಟ್ಟು ಮಾತ್ರ, ಹೇಳಿಕೊಳ್ಳುವಂಥದ್ದೇನಲ್ಲ.

ಸರಿಯಾದ ಹೋಲಿಕೆ ಇವತ್ತಿನ ಐದನೇ ಕ್ಯಾಂಡಲ್‌ಗೂ ಹಿಂದಿನ ದಿನಗಳ ಐದನೇ ಕ್ಯಾಂಡಲ್‌ಗೂ. ಮೇಲಿನ ಮೊದಲ ಉದಾಹರಣೆಯಲ್ಲಿ ಹಿಂದಿನ 20 ದಿನಗಳ ಐದನೇ ಕ್ಯಾಂಡಲ್ ಸಾಮಾನ್ಯವಾಗಿ 21,000 ಇತ್ತು. 42,000 ಅಂದರೆ ಸರಿಯಾಗಿ ಎರಡು ಪಟ್ಟು. ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಿತ್ತು.

ಇಲ್ಲೂ ಒಂದು ಕಿತಾಪತಿ ಇದೆ. ಆ 20 ದಿನಗಳಲ್ಲಿ ಒಂದು ದಿನ ಕಂಪನಿಯ ಫಲಿತಾಂಶ ಬಂದು ಐದನೇ ಕ್ಯಾಂಡಲ್‌ನಲ್ಲಿ ಹತ್ತು ಪಟ್ಟು, ಅಂದರೆ 2,10,000 ನಡೆದಿತ್ತು ಅಂದುಕೊಳ್ಳಿ. ಆ ಒಂದೇ ದಿನದಿಂದ ಸರಾಸರಿ 30,000 ದಾಟುತ್ತದೆ. ಆಗ 42,000 ಕೂಡ 1.4 ಪಟ್ಟಿಗೆ ಇಳಿದು ಸೋಸುವಿಕೆಯಲ್ಲಿ ಬಿದ್ದುಹೋಗುತ್ತದೆ. ಅದಕ್ಕೇ ಸರಾಸರಿ ಬಿಟ್ಟು ಮಧ್ಯದ ಸಂಖ್ಯೆ, ಅಂದರೆ ಮೀಡಿಯನ್ ತೆಗೆದುಕೊಂಡೆ. ಒಂದು ಹುಚ್ಚು ದಿನ ಬಂದರೆ ಮೀಡಿಯನ್ ಅಷ್ಟಾಗಿ ಅಲುಗಾಡುವುದಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ನಾನು ಬಳಸುವ ಸೂತ್ರ ಇದು. A ಕಾಲಂನಲ್ಲಿ ದಿನಾಂಕ, B ಯಲ್ಲಿ ಕ್ಯಾಂಡಲ್ ಸಂಖ್ಯೆ, C ಯಲ್ಲಿ ವಾಲ್ಯೂಮ್:

```
=C2402/MEDIAN(FILTER(C$2:C2401,(B$2:B2401=B2402)*(A$2:A2401>=A2402-30)))
```

30 ದಿನ ಹಿಂದಕ್ಕೆ ಹೋದರೆ ಸುಮಾರು 20 ವಹಿವಾಟಿನ ದಿನ ಸಿಗುತ್ತವೆ. B ಯಲ್ಲಿ ಗಂಟೆ, ನಿಮಿಷ ಹಾಕಬೇಡಿ, 1, 2, 3 ಅಂತಲೇ ಹಾಕಿ. ಗಂಟೆಯನ್ನು ಶೀಟ್ ಒಳಗೊಳಗೆ ದಶಮಾಂಶವಾಗಿ ಇಟ್ಟುಕೊಳ್ಳುತ್ತದೆ. ನೋಡಲು ಒಂದೇ ಥರ ಇದ್ದರೂ ಕೆಲವು ಸಾಲು ಹೊಂದದೆ ತಪ್ಪಿಹೋಗುತ್ತವೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು.

ವಾಲ್ಯೂಮ್ ಜಾಸ್ತಿ ಇದ್ದ ಮಾತ್ರಕ್ಕೆ ಆಯ್ತು ಅಂತಲೂ ಅಲ್ಲ. ಮೂರು ಪಟ್ಟು ವಾಲ್ಯೂಮ್ ಬಂದು, ಕ್ಯಾಂಡಲ್ ಉದ್ದ ಬಾಲ ಬಿಟ್ಟುಕೊಂಡು ಮತ್ತೆ ಗೆರೆಯ ಹತ್ತಿರವೇ ಮುಗಿದರೆ, ಮೇಲೆ ಯಾರೋ ಚೆನ್ನಾಗಿ ಮಾರುತ್ತಿದ್ದಾರೆ ಅಂತ ಅನುಮಾನ ಪಡಬೇಕು. ಕ್ಯಾಂಡಲ್ ತನ್ನ ಉದ್ದದ ಮೇಲಿನ ಕಾಲು ಭಾಗದಲ್ಲಿ ಮುಗಿದಿದ್ದರೆ ಮಾತ್ರ ನಾನು ಕೊಳ್ಳುತ್ತೇನೆ. ಶಾರ್ಟ್ ಆದರೆ ಇದರ ಉಲ್ಟಾ.

ಖಾತ್ರಿಗೆ ಒಂದು ಬೆಲೆಯೂ ಇದೆ. ಕ್ಯಾಂಡಲ್ ಮುಗಿಯುವ ತನಕ ಪೂರ್ತಿ ವಾಲ್ಯೂಮ್ ಗೊತ್ತಾಗುವುದಿಲ್ಲ, ಕಾಯಲೇಬೇಕು. ಅಷ್ಟರಲ್ಲಿ ಬೆಲೆ ಓಡಿರುತ್ತದೆ. ಮೊದಲ ಉದಾಹರಣೆಯ ದಿನವೇ ಗೆರೆ ದಾಟಿದ ಕೂಡಲೇ 412.05ಕ್ಕೆ ಕೊಂಡಿದ್ದರೆ, 408ರ ಸ್ಟಾಪ್‌ಗೆ 4.05 ಅಪಾಯ, 419ಕ್ಕೆ 6.95 ಲಾಭ. ಅಪಾಯದ 1.7 ಪಟ್ಟು. ಕಾದು 413ಕ್ಕೆ ಕೊಂಡರೆ 5 ಅಪಾಯ, 6 ಲಾಭ, ಬರೀ 1.2 ಪಟ್ಟು. ಅದೇ ಓಟ, ಅರ್ಧ ಪಟ್ಟು ಕೈಬಿಟ್ಟಿತು. ಸುಳ್ಳು ಬ್ರೇಕೌಟ್‌ಗಳನ್ನು ತಪ್ಪಿಸಿ ಉಳಿಸಿದ್ದು ಇದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಾಯುವುದು ಲಾಭ. ನನಗೆ ಲಾಭವಾಗಿದೆ, ಆದರೆ ಅಷ್ಟೇನೂ ದೊಡ್ಡ ಅಂತರದಲ್ಲಿ ಅಲ್ಲ. ಗೆದ್ದ ಟ್ರೇಡ್‌ಗಳಿಗಿಂತ ಸೋತವೇ ಹೆಚ್ಚು, ತಿಂಗಳನ್ನು ಎತ್ತಿ ಹಿಡಿಯುವುದು ಎರಡೋ ಮೂರೋ ಓಟದ ದಿನಗಳು.

ಇನ್ನು ನಷ್ಟದ ಮಿತಿ. ಬಂಡವಾಳ 1,00,000 ಅಂತ ಇಟ್ಟುಕೊಳ್ಳಿ. ದಿನಕ್ಕೆ ಹೆಚ್ಚೆಂದರೆ 1,000 ಕಳೆದುಕೊಳ್ಳಬಹುದು, ಒಂದು ಟ್ರೇಡ್‌ಗೆ 400. ಎರಡು ಸೋತರೆ 800, ಉಳಿದ 200 ಶುಲ್ಕಕ್ಕೆ ಮತ್ತು ಸ್ಲಿಪೇಜ್‌ಗೆ, ಅಂದರೆ ಅಂದುಕೊಂಡ ಬೆಲೆ ಸಿಗದೆ ಜಾರುವುದಕ್ಕೆ. ಎಷ್ಟು ಷೇರು ಅನ್ನುವುದಕ್ಕೆ 400ನ್ನು ಕೊಂಡ ಬೆಲೆಗೂ ಸ್ಟಾಪ್‌ಗೂ ಇರುವ ಅಂತರದಿಂದ ಭಾಗಿಸಬೇಕು. ಇಲ್ಲಿ ನಾನು ಬಹಳ ದಿನ ಎಡವಿದೆ. ರೇಂಜಿನ ಅಗಲ 4, ಹಾಗಾದರೆ 100 ಷೇರು ಅಂತ ಬೆಳಗ್ಗೆಯೇ ಬರೆದಿಟ್ಟುಕೊಳ್ಳುತ್ತಿದ್ದೆ. ಆದರೆ ಒಳಗೆ ಹೋಗುವುದು 413ರಲ್ಲಿ, ಅಂತರ 5. ಸರಿಯಾದ ಲೆಕ್ಕ 80 ಷೇರು. 100 ಕೊಂಡರೆ ಸೋಲು 400 ಅಲ್ಲ, 500. ದಿನಕ್ಕೆ ಎರಡು ಸಲ ಹೀಗಾದರೆ ಮಿತಿ ಅಲ್ಲಿಗೇ ಖಾಲಿ.

ಷೇರುಗಳ ಲೆಕ್ಕ ಸರಿಮಾಡಿಕೊಂಡ ಮೇಲೂ ಒಂದು ದಿನ ಮಿತಿ ಹರಿದುಹೋಯಿತು. ಬೆಳಗ್ಗೆ 413ಕ್ಕೆ 80 ಷೇರು ಕೊಂಡೆ. ಬೆಲೆ ಸ್ವಲ್ಪ ಮೇಲೆ ಹೋಗಿ ಧಬಕ್ಕನೆ ಬಿತ್ತು. ಸ್ಟಾಪ್ 408ರಲ್ಲಿತ್ತು, ಮಾರಾಟವಾದದ್ದು 407.70ಕ್ಕೆ. ನಷ್ಟ 424. ಬೆಲೆ ಕೆಳಗಿನ ಗೆರೆಯನ್ನೂ ದಾಟಿ 407.20ರಲ್ಲಿ ಕ್ಯಾಂಡಲ್ ಮುಗಿಯಿತು, ವಾಲ್ಯೂಮ್ ಕೂಡ ಸರಿಯಾಗಿತ್ತು. 83 ಷೇರು ಶಾರ್ಟ್. ಅದೂ ತಿರುಗಿ 412.20ಕ್ಕೆ ಹೊರಗೆ ಬಿದ್ದೆ, 415 ಹೋಯಿತು. ಶುಲ್ಕ 60 ಸೇರಿಸಿದರೆ ಸುಮಾರು 900. ಮಿತಿ ಇನ್ನೂ ಮುಟ್ಟಿಲ್ಲ, ಅಲ್ವಾ? 100 ಬಾಕಿ ಇದೆ. ಮೂರನೆಯದಕ್ಕೆ ಹೋದೆ. ಮಾಮೂಲಿ 400 ಅಪಾಯದ ಟ್ರೇಡ್, ಮತ್ತೆ ಸೋಲು. ದಿನದ ಲೆಕ್ಕ 1,300 ದಾಟಿತು.

ಆ್ಯಪ್‌ನಲ್ಲಿ ದಿನದ ಮಿತಿ 1,000 ಅಂತ ಹಾಕಿಯೇ ಇದ್ದೆ. ಅದು ಯಾಕೆ ತಡೆಯಲಿಲ್ಲ? ಅದು ಮುಗಿದ ಟ್ರೇಡ್‌ಗಳ ನಷ್ಟ ಮಾತ್ರ ಎಣಿಸುತ್ತಿತ್ತು, ತೆರೆದಿರುವ ಟ್ರೇಡ್‌ನದ್ದಲ್ಲ. ಶುಲ್ಕವಂತೂ ಲೆಕ್ಕಕ್ಕೇ ಇರಲಿಲ್ಲ. ಗ್ರಾಹಕ ಸೇವೆಯವರನ್ನು ಕೇಳಿದರೆ "ಸರ್, ಅದು ಹಾಗೇ ಕೆಲಸ ಮಾಡೋದು" ಅಂದರು. ನಿಮ್ಮ ಆ್ಯಪ್ ಹೇಗೆ ಎಣಿಸುತ್ತದೆ ಅಂತ ಒಂದೇ ಒಂದು ಷೇರಿನಲ್ಲಿ, ತೀರಾ ಸಣ್ಣ ಮಿತಿ ಇಟ್ಟು ನೋಡಿಬಿಡಿ. ಹತ್ತು ನಿಮಿಷದ ಕೆಲಸ.

ಈಗ ನನ್ನ ನಿಯಮ ಬೇರೆ. ಮಿತಿಯನ್ನು ಸೋತ ಮೇಲೆ ನೋಡುವುದಿಲ್ಲ, ಒಳಗೆ ಹೋಗುವ ಮುಂಚೆ ನೋಡುತ್ತೇನೆ. ಬಾಕಿ ಇರುವ ಹಣ ಒಂದು ಪೂರ್ತಿ ಟ್ರೇಡ್‌ನ ಅಪಾಯಕ್ಕೆ ಸಾಲದಿದ್ದರೆ ಅವತ್ತಿನ ಅಂಗಡಿ ಬಂದ್. ಬಾಕಿ 100ಕ್ಕೆ 20 ಷೇರು ಕೊಂಡರಾಯಿತು ಅಂತ ಮನಸ್ಸು ಹೇಳುತ್ತದೆ. ಅಷ್ಟು ಚಿಕ್ಕ ಟ್ರೇಡ್‌ನಲ್ಲಿ ಶುಲ್ಕವೇ ದೊಡ್ಡ ಪಾಲು ತಿನ್ನುತ್ತದೆ, ಹಾಗಾಗಿ ಅದೂ ಬೇಡ.

ಇದರಿಂದ ಆಗುವ ನಷ್ಟವನ್ನೂ ಹೇಳಬೇಕು. ಎರಡು ಸಲ ಹೊಡೆಸಿಕೊಂಡು ಮುಚ್ಚಿದ ಮೇಲೆ, ಮೂರನೇ ಬ್ರೇಕೌಟ್ ನಿಜವಾದ ಓಟವಾಗಿ ಹೋದ ದಿನಗಳಿವೆ. ಹೊಟ್ಟೆ ಉರಿಯುತ್ತದೆ. ಅಂಥ ದಿನ ಬಿಟ್ಟುಹೋದ ಮೂರನೇ ಟ್ರೇಡನ್ನು ಕಾಗದದ ಮೇಲೆ ನಡೆಸಿ ಬೇರೆ ಪುಟದಲ್ಲಿ ಬರೆದಿಡುತ್ತೇನೆ. ಇಲ್ಲಿಯತನಕ ಆ ಪುಟದ ಒಟ್ಟು ಮೊತ್ತ ಸೊನ್ನೆಗಿಂತ ಸ್ವಲ್ಪ ಕೆಳಗೇ ಇದೆ. ಎರಡು ಕಡೆಗೂ ಸುಳ್ಳು ಬ್ರೇಕೌಟ್ ಕೊಟ್ಟ ದಿನ ಸಾಮಾನ್ಯವಾಗಿ ರೇಂಜಿನೊಳಗೇ ಒದ್ದಾಡುತ್ತಿರುತ್ತದೆ ಅಂತ ನನ್ನ ಅನಿಸಿಕೆ. ನೀವು ನೋಡುವ ಷೇರಿನಲ್ಲಿ ಬೇರೆ ಇರಬಹುದು, ಬರೆದಿಟ್ಟು ನೋಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ವಹಿವಾಟು ತೆಳುವಾಗಿರುವ ಷೇರುಗಳಿಗೆ ಒಂದೂವರೆ. ಅಲ್ಲಿ ಒಬ್ಬರ ಒಂದು ದೊಡ್ಡ ಆರ್ಡರ್ ಸಾಕು, ನಾಲ್ಕು ಪಟ್ಟು ವಾಲ್ಯೂಮ್ ತೋರಿಸುತ್ತದೆ, ಸ್ಟಾಪ್ ಯಾವ ಬೆಲೆಗೆ ಜಾರಿಯಾಗುತ್ತದೋ ದೇವರಿಗೇ ಗೊತ್ತು. ಮೊದಲ 15 ನಿಮಿಷದ ರೇಂಜೇ ದಿನದ ಸಾಮಾನ್ಯ ಓಡಾಟದ ಅರ್ಧಕ್ಕಿಂತ ಅಗಲವಾಗಿದ್ದರೂ ನಾನು ಕೈ ಹಾಕುವುದಿಲ್ಲ. ಓಡಬೇಕಾದ್ದು ಅಷ್ಟರಲ್ಲೇ ಓಡಿ ಆಗಿರುತ್ತದೆ. ಸದ್ಯ 15ರ ಬದಲು 30 ನಿಮಿಷದ ರೇಂಜನ್ನು ಕಾಗದದ ಮೇಲೆ ಪರೀಕ್ಷಿಸುತ್ತಿದ್ದೇನೆ. ಸುಳ್ಳು ಬ್ರೇಕೌಟ್ ಕಡಿಮೆ, ಸ್ಟಾಪ್ ಮಾತ್ರ ದೂರ. ಮೂರು ತಿಂಗಳ ಲೆಕ್ಕ ಕೈಗೆ ಬಂದಾಗ ಈ ವಿಮರ್ಶೆಯನ್ನು ತಿದ್ದುತ್ತೇನೆ.