ಹಾಸಿಗೆಯ ಪಕ್ಕದ ನೀತಿ: ನಿಷ್ಪಕ್ಷಪಾತವೋ, ಆರೈಕೆಯೋ?

ಕಲಬುರಗಿಯ ಆಸ್ಪತ್ರೆಯೊಂದರ ರಾತ್ರಿ ಪಾಳಿಯನ್ನು ಊಹಿಸಿಕೊಳ್ಳಿ. ಒಬ್ಬ ರೋಗಿಯ ಸಂಬಂಧಿಕರು ನರ್ಸ್‌ರನ್ನು ಪದೇ ಪದೇ ಕರೆಯುತ್ತಿದ್ದಾರೆ. ಯಾದಗಿರಿ ಕಡೆಯಿಂದ ಒಬ್ಬರೇ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜಿ ಮಾತ್ರ ‘ಏನಿಲ್ರಿ ಸಿಸ್ಟರ್, ಆರಾಮ ಅದೀನ್ರಿ’ ಎನ್ನುತ್ತಲೇ ಹೊಟ್ಟೆಯ ಮೇಲಿನ ಕೈ ತೆಗೆಯುತ್ತಿಲ್ಲ.

ತತ್ವಜ್ಞಾನಿಗಳಾದ ಕಾಂಟ್ ಮತ್ತು ಮಿಲ್ ಪರಂಪರೆಯ ನಿಷ್ಪಕ್ಷಪಾತ ಸಿದ್ಧಾಂತಗಳ ಪ್ರಕಾರ ಪ್ರತಿ ರೋಗಿಗೂ ಸಮಾನ ಬೆಲೆಯಿದ್ದು, ಗಲಾಟೆ ಮಾಡುವವರ ಪ್ರಭಾವಕ್ಕೆ ಮಣಿಯದೆ ನೋವಿನ ತೀವ್ರತೆಯನ್ನೇ ನೋಡಬೇಕು. ಆದರೆ ಅಜ್ಜಿ ಹೇಳಿದ್ದನ್ನಷ್ಟೇ ದಾಖಲಿಸಿದರೆ ಆ ತೀವ್ರತೆಯೇ ತಪ್ಪಾಗಿ ತಿಳಿಯುತ್ತದೆ. 1982ರಲ್ಲಿ ಮನೋವಿಜ್ಞಾನಿ ಕರೋಲ್ ಗಿಲಿಗನ್ ಮತ್ತು 1984ರಲ್ಲಿ ತತ್ವಜ್ಞಾನಿ ನೆಲ್ ನಾಡಿಂಗ್ಸ್ ಮುಂದಿಟ್ಟ ವಿಚಾರಗಳಿಂದ ಬೆಳೆದ ಆರೈಕೆಯ ನೀತಿಶಾಸ್ತ್ರ ಇಲ್ಲಿಂದಲೇ ಹೊರಡುತ್ತದೆ: ಗಮನಿಸುವುದೇ ಮೊದಲ ನೈತಿಕ ಕೆಲಸ, ಮತ್ತು ಆರೈಕೆ ಪಡೆದವರ ಪ್ರತಿಕ್ರಿಯೆ ಬರುವವರೆಗೆ ಆ ಕೆಲಸ ಪೂರ್ಣವಲ್ಲ. ಔಷಧಿ ಕೊಟ್ಟ ಮೇಲೆ ಮತ್ತೆ ಬಂದು ನೋಡುವುದು ಸೌಜನ್ಯವಲ್ಲ, ಕರ್ತವ್ಯ.

ಮಕ್ಕಳ ಪಾಲನೆಯಲ್ಲಿ ನಿಷ್ಪಕ್ಷಪಾತಕ್ಕೆ ಎದುರಾಗುವ ಸವಾಲು ಇನ್ನೂ ಹರಿತವಾಗಿದೆ. ‘ಎಲ್ಲ ತಂದೆತಾಯಿಯರೂ ತಮ್ಮ ಮಕ್ಕಳನ್ನು ನೋಡಿಕೊಂಡರೆ ಎಲ್ಲರಿಗೂ ಒಳಿತು’ ಎಂದು ನಿಷ್ಪಕ್ಷಪಾತವಾದಿ ತಾಯಿಯ ಒಲವನ್ನು ಸಮರ್ಥಿಸಬಲ್ಲರು. ಆದರೆ ಜ್ವರದ ಮಗುವಿನ ಬಳಿ ತಾಯಿ ಕೂರುವುದು ಆ ಲೆಕ್ಕಾಚಾರದಿಂದಲ್ಲ, ಆ ಮಗುವಿಗಾಗಿ.

ಆರೈಕೆಯ ನೀತಿಗೂ ಮಿತಿಗಳಿವೆ. ಅದು ಹತ್ತಿರದವರ ಕಡೆಗೆ ವಾಲುತ್ತದೆ. ನರ್ಸ್ ಮತ್ತು ತಾಯಂದಿರಿಂದ ಮುಗಿಯದ ತ್ಯಾಗವನ್ನು ಕೇಳುವ ಅಪಾಯವೂ ಇದೆ. ಆದ್ದರಿಂದ ಐಸಿಯುನ ಒಂದೇ ಹಾಸಿಗೆ ಯಾರಿಗೆಂಬ ಪ್ರಶ್ನೆಗೆ ನಾನು ನಿಷ್ಪಕ್ಷಪಾತ ನಿಯಮವನ್ನೇ ಆರಿಸುತ್ತೇನೆ. ಆ ಹಾಸಿಗೆಯಲ್ಲಿ ಮಲಗಿದವರಿಗೆ ಏನು ಬೇಕೆಂದು ತಿಳಿಯಲು ಆರೈಕೆಯ ದೃಷ್ಟಿಯನ್ನು.